ಫೋಟೊದಲ್ಲೇ ಫಿಲ್ಟರ್ ಗುರುತಿಸುವುದು: ನಾನು ನೋಡುವ ಕ್ರಮ

ಹಾಸನದಿಂದ ಸಕಲೇಶಪುರದ ಕಡೆಯ ಎಸ್ಟೇಟ್ ಮನೆಗಳಿಗೆ ಕುಡಿಯುವ ನೀರಿನ ಆರ್‌ಒ ಮಿಷಿನ್‌ನ ಒಂದು ಫಿಲ್ಟರ್ ಬದಲಿಸಲು ಹೋಗುವ ಮುನ್ನ ವಾಟ್ಸಾಪ್‌ನಲ್ಲಿ ಫೋಟೊ ತರಿಸಿಕೊಳ್ಳುತ್ತೇನೆ. ಹೆಚ್ಚಿನವರು ಮೊದಲು ಕಳಿಸುವುದು ಮಿಷಿನ್ ಮುಂಭಾಗದ ಹೆಸರಿನ ಫೋಟೊ. ಅದರಿಂದ ನನಗೆ ಹೆಚ್ಚು ಉಪಯೋಗವಿಲ್ಲ. ಒಂದೇ ಹೆಸರಿನ ಮಿಷಿನ್‌ಗಳಲ್ಲಿ ಒಳಗಿನ ಫಿಲ್ಟರ್ ಬೇರೆ ಬೇರೆ ಇರುತ್ತವೆ, ಹಿಂದೆ ಯಾರಾದರೂ ರಿಪೇರಿ ಮಾಡಿದ್ದರೆ ಕಂಪನಿಯದ್ದಲ್ಲದ ಫಿಲ್ಟರ್ ಕೂತಿರುತ್ತದೆ. ನನಗೆ ಬೇಕಾದದ್ದು ಕವರ್ ತೆಗೆದು ಇಡೀ ಒಳಭಾಗದ್ದೊಂದು ಫೋಟೊ, ಬದಲಿಸಬೇಕಾದ ಫಿಲ್ಟರ್‌ನ ಎರಡೂ ತುದಿಯ ಒಂದೊಂದು ಫೋಟೊ. ಲೇಬಲ್‌ನ ಫೋಟೊ ಇದ್ದರೆ ಅದನ್ನು ಡಾಕ್ಯುಮೆಂಟ್ ಆಗಿ ಕಳಿಸಿ ಅನ್ನುತ್ತೇನೆ. ಮಾಮೂಲಿ ಫೋಟೊ ಆಗಿ ಕಳಿಸಿದರೆ ಸಣ್ಣ ಅಕ್ಷರ ಕಲಸಿಹೋಗುತ್ತದೆ.

ಒಂದು ಮಾದರಿ ತೆಗೆದುಕೊಳ್ಳೋಣ. ಮಿಷಿನ್ ಒಳಗೆ ಒಂದೇ ಥರದ ಮೂರು ಬಿಳಿ ಕೊಳವೆಗಳು ಸಾಲಾಗಿ ನಿಂತಿವೆ. ಮಧ್ಯದ್ದರ ಲೇಬಲ್ ನೆಂದು ಕಿತ್ತುಹೋಗಿದೆ. "ಅಣ್ಣಾ, ಮಧ್ಯದ್ದು ಒಂದು ಕಳಿಸಿ" ಅನ್ನುತ್ತಾರೆ. ಹೊರಗಿನಿಂದ ನೋಡಿದರೆ ಕೆಸರು ಹಿಡಿಯುವ ಸೆಡಿಮೆಂಟ್, ಮೆಂಬ್ರೇನ್‌ಗೆ ಮುಂಚಿನ ಪ್ರೀ ಕಾರ್ಬನ್, ಅದರ ನಂತರದ ಪೋಸ್ಟ್ ಕಾರ್ಬನ್ ಮೂರೂ ಒಂದೇ. ಇಲ್ಲಿ ಆಕಾರ ನೋಡುತ್ತಾ ಕೂರದೆ ಪೈಪ್ ಹಿಡಿದು ಹೋಗಬೇಕು.

ಮೊದಲು ಮೆಂಬ್ರೇನ್ ಹೌಸಿಂಗ್, ಅಂದರೆ ಆರ್‌ಒ ಪೊರೆ ಕೂತಿರುವ ಕೊಳವೆ, ಹುಡುಕುತ್ತೇನೆ. ಅದನ್ನು ಗುರುತಿಸುವುದು ಸುಲಭ: ತಿರುಗಿಸಿ ತೆಗೆಯುವ ಮುಚ್ಚಳದ ಕಡೆ ಒಂದು ಪೈಪ್, ಇನ್ನೊಂದು ತುದಿಯಲ್ಲಿ ಎರಡು ಪೈಪ್. ಮುಚ್ಚಳದ ಕಡೆಯಿಂದ ನೀರು ಒಳಗೆ ಹೋಗುತ್ತದೆ. ಇನ್ನೊಂದು ತುದಿಯ ನಡುವಿನ ತೂತಿನಿಂದ ಶುದ್ಧ ನೀರು, ಬದಿಯದರಿಂದ ವೇಸ್ಟ್ ನೀರು ಹೊರಬರುತ್ತದೆ. ವೇಸ್ಟ್ ಪೈಪ್‌ನಲ್ಲಿ ಹರಿವು ತಗ್ಗಿಸುವ ಸಣ್ಣ ಫ್ಲೋ ರಿಸ್ಟ್ರಿಕ್ಟರ್ ಕಂಡರೆ ಇನ್ನೂ ಖಾತ್ರಿ. ಈಗ ಮಧ್ಯದ ಕೊಳವೆಯ ಪೈಪ್ ಎಲ್ಲಿಗೆ ಸೇರುತ್ತದೆ ನೋಡಿ. ನಡುವಿನ ತೂತಿನಿಂದ ಬಂದಿದ್ದರೆ ಅದು ಸಾಮಾನ್ಯವಾಗಿ ಪೋಸ್ಟ್ ಕಾರ್ಬನ್. ಮುಚ್ಚಳದ ಕಡೆಗೆ ಹೋಗುವ ದಾರಿಯಲ್ಲಿದ್ದರೆ ಸೆಡಿಮೆಂಟ್ ಅಥವಾ ಪ್ರೀ ಕಾರ್ಬನ್. ಇವೆರಡರಲ್ಲಿ ನೀರು ಮೊದಲು ಮುಟ್ಟುವುದು ಸಾಮಾನ್ಯವಾಗಿ ಸೆಡಿಮೆಂಟ್.

ಇಲ್ಲೊಂದು ಕಡೆ ಎಡವುತ್ತಾರೆ. ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ, ಹೊಂದಿಸುವ ಸೌಲಭ್ಯ ಇರುವ ಕೆಲವು ಮಿಷಿನ್‌ಗಳಲ್ಲಿ ಮೆಂಬ್ರೇನ್‌ಗೆ ಮುಂಚೆಯೇ ಮೂರು ಬಾಯಿಯ ಟೀ ಹಾಕಿ ಒಂದು ಕವಲು ತೆಗೆದಿರುತ್ತಾರೆ. ಅದು ಮೆಂಬ್ರೇನ್ ಮುಟ್ಟದೆ ಯುಎಫ್ ಎಂಬ ಸೂಕ್ಷ್ಮ ಪೊರೆಯ ಫಿಲ್ಟರ್ ಮೂಲಕ ಹೋಗಿ ಶುದ್ಧ ನೀರಿಗೆ ಸೇರುತ್ತದೆ. ಆ ಕವಲಿನಲ್ಲಿರುವ ಕೊಳವೆಯನ್ನು ಕಾರ್ಬನ್ ಅಂದುಕೊಂಡು ಬದಲಿಸಿದರೆ ಬ್ಯಾಕ್ಟೀರಿಯಾ ತಡೆಯುವ ಪೊರೆಯೇ ಆ ದಾರಿಯಲ್ಲಿ ಇರುವುದಿಲ್ಲ. ಹಾಗಾಗಿ ಟೀ ಕಂಡರೆ ಎರಡೂ ಕವಲು ಕಾಣುವ ಇನ್ನೊಂದು ಫೋಟೊ ಕೇಳಿಯೇ ಮುಂದೆ ಹೋಗುತ್ತೇನೆ. ಸೆಡಿಮೆಂಟ್, ಕಾರ್ಬನ್ ಅದಲುಬದಲಾದರೂ ನಷ್ಟವೇ. ಹಾಸನ ಊರಿನ ಹೇಮಾವತಿ ನಲ್ಲಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ಅದನ್ನು ಹಿಡಿಯುವುದು ಕಾರ್ಬನ್. ಕಾರ್ಬನ್ ಜಾಗದಲ್ಲಿ ಸೆಡಿಮೆಂಟ್ ಕೂತರೆ ಕ್ಲೋರಿನ್ ನೇರ ಮೆಂಬ್ರೇನ್‌ಗೆ ಹೋಗಿ ಅದರ ಪದರ ಹಾಳಾಗುತ್ತದೆ. ಶುದ್ಧ ನೀರಿನ ಟಿಡಿಎಸ್ ಏರತೊಡಗುತ್ತದೆ.

ಯಾವ ಫಿಲ್ಟರ್ ಎಂದು ಗೊತ್ತಾದ ಮೇಲೆ ಪೈಪ್ ಸೇರುವ ತುದಿ ನೋಡಬೇಕು. ಬಾಗಿದ ಜೋಡಣೆ, ಅಂದರೆ ಎಲ್ಬೋ, ಕಂಡ ಮಾತ್ರಕ್ಕೆ ಅದು ತಿರುಗಿಸಿ ಕೂರಿಸುವ ಥ್ರೆಡ್ ಎಂದು ಹೇಳಲಾಗದು. ಎಲ್ಬೋಗೂ ಕೊಳವೆಗೂ ನಡುವಿನ ಸಂದಿಯನ್ನು ಫೋಟೊ ದೊಡ್ಡದು ಮಾಡಿ ನೋಡಿ. ಬಿಳಿ ಟೆಫ್ಲಾನ್ ಟೇಪಿನ ಅಂಚು ಇಣುಕುತ್ತಿದ್ದರೆ ಥ್ರೆಡ್. ತೆಳುವಾದ ಉಂಗುರ, ಅದರ ಕೆಳಗೆ ಸಣ್ಣ ಲಾಕ್ ಕ್ಲಿಪ್ ಇದ್ದರೆ ಒತ್ತಿ ಕೂರಿಸುವ ಪುಷ್ ಫಿಟ್. ಎರಡೂ ಪೈಪ್ ಒಂದೇ ತಲೆಯಿಂದ ಹೊರಟು, ಕೊಳವೆಯನ್ನು ತಿರುಗಿಸಿ ಕಳಚುವ ಹಾಗಿದ್ದರೆ ಅದು ಆ ಕಂಪನಿಯದ್ದೇ ಆಗಬೇಕು; ಅಲ್ಲಿ ಮಾಡೆಲ್ ನಂಬರ್ ಇಲ್ಲದೆ ಆರ್ಡರ್ ಮಾಡುವುದಿಲ್ಲ.

ಅಳತೆಗೆ ಪೈಪನ್ನೇ ಬಳಸುತ್ತೇನೆ. ಒಳಗಿನ ಕಾಲು ಇಂಚಿನ ಪೈಪ್ ಹೊರಗಿನಿಂದ 6.35 ಮಿ.ಮೀ. ಇರುತ್ತದೆ. ನಮ್ಮ ಮಾದರಿಯ ಫೋಟೊದಲ್ಲಿ ಪೈಪ್ ಅಗಲ 3 ಮಿ.ಮೀ., ಕೊಳವೆ ಅಗಲ 24 ಮಿ.ಮೀ. ಅಂದರೆ ಎಂಟು ಪಟ್ಟು, ಸುಮಾರು 51 ಮಿ.ಮೀ.; ಅದು 2 ಇಂಚಿನದು. 2.5 ಇಂಚಿನದಾಗಿದ್ದರೆ ಹತ್ತು ಪಟ್ಟು ಬರಬೇಕಿತ್ತು, ಅದು 2 ಇಂಚಿನ ಕ್ಲಿಪ್‌ಗೆ ಕೂರುವುದಿಲ್ಲ. ಲೆಕ್ಕಕ್ಕೆ ಹಿಡಿಯುವ ಪೈಪ್ ಕೊಳವೆಗೆ ಒತ್ತಿಕೊಂಡೇ ಇರಬೇಕು. ಕ್ಯಾಮೆರಾ ಕಡೆಗೆ ಬಾಗಿದ ಪೈಪ್ ದಪ್ಪ ಕಂಡು ಲೆಕ್ಕ ತಪ್ಪುತ್ತದೆ. ಅದಕ್ಕೇ ಮೂರಡಿ ದೂರ ನಿಂತು ಜೂಮ್ ಮಾಡಿ ತೆಗೆಯಿರಿ ಎನ್ನುವುದು. ಮಿಷಿನ್ ಹೊರಗೆ ಕೂರಿಸಿದ ಪ್ರೀ ಫಿಲ್ಟರ್ ಬಟ್ಟಲಿಗೆ ಬರುವ ಪೈಪನ್ನು ಅಳತೆಗೆ ಹಿಡಿಯಬೇಡಿ, ಅದು 3/8 ಇಂಚಿನದೂ ಇರಬಹುದು.

ಉದ್ದವನ್ನು ಮಾತ್ರ ಈ ಲೆಕ್ಕದಲ್ಲಿ ನಂಬುವುದಿಲ್ಲ. ಪೈಪ್ ಅಳೆಯುವಾಗ ಕಾಲು ಮಿ.ಮೀ. ತಪ್ಪಿದರೂ 10 ಇಂಚಿನದು 11 ಇಂಚು ಎಂದು ಬಂದುಬಿಡುತ್ತದೆ. ಕೊಳವೆಯ ಪಕ್ಕದಲ್ಲಿ ಟೇಪ್ ಹಿಡಿದು, ಎರಡೂ ತುದಿಯ ಅಂಕಿ ಕಾಣುವಂತೆ ಒಂದು ಫೋಟೊ ಬಂದ ಮೇಲೆಯೇ ಆರ್ಡರ್ ಬರೆದುಕೊಳ್ಳುತ್ತೇನೆ.