ಚಿತ್ರದ ವಿವರಣೆ ಮತ್ತು ಲಿಂಕಿನ ಮಾತು ತಿದ್ದುವುದು ಹೇಗೆ?

ಗ್ರಂಥಾಲಯವೊಂದರ ಜಾಲತಾಣದಲ್ಲಿ ಒಂದು ಪ್ರಕಟಣೆ ಇದೆ ಎಂದುಕೊಳ್ಳೋಣ. ಮೇಲೆ ಓದುವ ಕೊಠಡಿಯ ಫೋಟೊ, ಅದರ ಕೆಳಗೆ ಹೊಸ ವೇಳಾಪಟ್ಟಿಯ ಪೋಸ್ಟರ್, ಕೊನೆಯಲ್ಲಿ ‘ಸದಸ್ಯತ್ವದ ಅರ್ಜಿಗಾಗಿ ಇಲ್ಲಿ ಕ್ಲಿಕ್ ಮಾಡಿ’ ಎಂಬ ಸಾಲು. ಲಿಂಕ್ ಇರುವುದು ‘ಇಲ್ಲಿ ಕ್ಲಿಕ್ ಮಾಡಿ’ ಎಂಬ ಪದಗಳಿಗೆ ಮಾತ್ರ. ಪುಟವನ್ನು ಧ್ವನಿಯಲ್ಲಿ ಓದಿ ಹೇಳುವ ಸ್ಕ್ರೀನ್ ರೀಡರ್ ಚಿತ್ರದ ಬದಲು ಅದರ `alt` ವಿವರಣೆಯನ್ನು ಓದುತ್ತದೆ. ಆದ್ದರಿಂದ ಸಂಪಾದಕರು ತಿದ್ದಬೇಕಾದ ಮೊದಲ ಜಾಗ ಅದು.

ಮೊದಲು, ಸುತ್ತಲಿನ ಬರಹ ಹೇಳದಿರುವ ಯಾವ ಸಂಗತಿಯನ್ನು ಚಿತ್ರ ಹೇಳುತ್ತಿದೆ ಎಂದು ಕೇಳಿಕೊಳ್ಳಿ. ಇಲ್ಲಿ ಕೊಠಡಿಯ ಫೋಟೊ ಬರೀ ಅಲಂಕಾರ. ಅದರ ವಿವರಣೆಯನ್ನು ಖಾಲಿ ಬಿಡಬೇಕು:

```
<img src="kothadi.jpg" alt="">
```

ಖಾಲಿ ಬಿಡುವುದೆಂದರೆ `alt` ಅನ್ನೇ ಅಳಿಸುವುದಲ್ಲ. ಅಳಿಸಿದರೆ ಕೆಲವು ಸ್ಕ್ರೀನ್ ರೀಡರ್‌ಗಳು ಕಡತದ ಹೆಸರನ್ನೇ ಓದಿಬಿಡುತ್ತವೆ. ಇದೇ ಫೋಟೊ ಗಾಲಿಕುರ್ಚಿಯವರಿಗಾಗಿ ಅಳವಡಿಸಿದ ಮೇಜುಗಳ ಕುರಿತ ಲೇಖನದಲ್ಲಿ ಬಂದರೆ, ‘ಗಾಲಿಕುರ್ಚಿ ಕೆಳಗೆ ಸೇರುವಷ್ಟು ತೆರವಿರುವ ಓದುವ ಮೇಜುಗಳು’ ಎಂಬ ವಿವರಣೆ ಅಗತ್ಯವಾಗುತ್ತದೆ. ಎಂದರೆ ವಿವರಣೆಯನ್ನು ಚಿತ್ರ ಮಾತ್ರವಲ್ಲ, ಅದು ಕುಳಿತಿರುವ ಪುಟವೂ ನಿರ್ಧರಿಸುತ್ತದೆ.

ಪೋಸ್ಟರ್‌ನ ಕಥೆ ಬೇರೆ. ‘ವೇಳಾಪಟ್ಟಿಯ ಪೋಸ್ಟರ್’ ಎಂಬ ವಿವರಣೆ ಕೇಳಿದವರಿಗೆ ವೇಳೆ ತಿಳಿಯುವುದಿಲ್ಲ. ಹಾಗೆಂದು ವಾರದ ಎಲ್ಲ ವೇಳೆಗಳನ್ನೂ `alt` ಒಳಗೆ ತುರುಕಿದರೆ ಅದು ಒಂದೇ ಉಸಿರಿನ ಓದಾಗುತ್ತದೆ, ಏಕೆಂದರೆ ಅಲ್ಲಿ ಪಟ್ಟಿಯನ್ನಾಗಲಿ ಕೋಷ್ಟಕವನ್ನಾಗಲಿ ಇಡಲಾಗದು, ಕೇಳುಗರು ಭಾನುವಾರದ ಸಾಲಿಗೆ ನೇರವಾಗಿ ಹೋಗಲೂ ಆಗದು. ವೇಳೆಗಳನ್ನು ಪುಟದಲ್ಲೇ ಕೋಷ್ಟಕವಾಗಿ ಬರೆದು, ಪೋಸ್ಟರ್‌ಗೆ ‘ಹೊಸ ವೇಳಾಪಟ್ಟಿ, ವಿವರ ಕೆಳಗಿನ ಕೋಷ್ಟಕದಲ್ಲಿ’ ಎಂದಷ್ಟೇ ಕೊಡುವುದು ಸರಿಯಾದ ಮಾರ್ಗ. ‘ಚಿತ್ರ’ ಎಂಬ ಪದವನ್ನು ಸೇರಿಸಬೇಕಿಲ್ಲ. ಅದನ್ನು ಸ್ಕ್ರೀನ್ ರೀಡರ್ ತಾನೇ ಹೇಳುತ್ತದೆ.

ಇನ್ನು ಲಿಂಕ್. ವಿಂಡೋಸ್‌ನಲ್ಲಿ ಬಳಸುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್‌ನಲ್ಲಿ `Insert+F7` ಒತ್ತಿದರೆ ಪುಟದ ಲಿಂಕ್‌ಗಳ ಪಟ್ಟಿ ತೆರೆಯುತ್ತದೆ, ಅಕ್ಕಪಕ್ಕದ ವಾಕ್ಯಗಳು ಮಾತ್ರ ಅಲ್ಲಿರುವುದಿಲ್ಲ. ಹೀಗಾಗಿ ‘ಇಲ್ಲಿ ಕ್ಲಿಕ್ ಮಾಡಿ’ ಎಂಬುದು ನಾಲ್ಕು ಬಾರಿ ಬಂದರೆ ಯಾವುದು ಎಲ್ಲಿಗೆ ಒಯ್ಯುತ್ತದೆಂದು ತಿಳಿಯುವುದಿಲ್ಲ. ಗುರುತಿನ ಪದವನ್ನು ಮೊದಲಿಗಿಟ್ಟು, ಕಡತವಾಗಿದ್ದರೆ ಅದನ್ನೂ ಹೇಳಿ:

```
<a href="arji.pdf">ಸದಸ್ಯತ್ವದ ಅರ್ಜಿ (ಪಿಡಿಎಫ್)</a>
```

ಕಾಣುವ ಪದಗಳನ್ನು ಹಾಗೆಯೇ ಬಿಟ್ಟು ಪರದೆಯ ಮೇಲೆ ಕಾಣದೆ ಸ್ಕ್ರೀನ್ ರೀಡರ್‌ಗೆ ಮಾತ್ರ ಸಿಗುವ `aria-label` ಮೂಲಕ ಬೇರೆ ಹೆಸರು ಕೊಡುವ ಅಡ್ಡದಾರಿಯನ್ನು ನಾನು ಒಪ್ಪುವುದಿಲ್ಲ. ಆಗ ಕಾಣುವುದೊಂದು, ಕೇಳುವುದೊಂದು. ಪರದೆಯ ಮೇಲಿನ ಹೆಸರನ್ನು ಉಚ್ಚರಿಸಿ ಧ್ವನಿಯಿಂದ ಲಿಂಕ್ ಒತ್ತುವವರಿಗೂ ಅದು ತೊಡಕು.

ಚಿತ್ರವೇ ಲಿಂಕ್ ಆಗಿರುವಲ್ಲಿ ನಿಯಮ ತಿರುಗುತ್ತದೆ: `alt` ಚಿತ್ರದಲ್ಲೇನಿದೆ ಎಂಬುದನ್ನು ಬಿಟ್ಟು ಲಿಂಕ್ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಹೇಳಬೇಕು, ಖಾಲಿ ಇರಲೇಬಾರದು. ಅದೇ ಲಿಂಕಿನೊಳಗೆ ಬರಹವೂ ಇದ್ದರೆ ಮಾತ್ರ ಖಾಲಿ ಬಿಡಿ, ಇಲ್ಲವಾದರೆ ಒಂದೇ ಮಾತು ಎರಡು ಬಾರಿ ಕೇಳಿಸುತ್ತದೆ.

ತಿದ್ದಿದ ಮೇಲೆ ಲಿಂಕ್‌ಗಳ ಪಟ್ಟಿಯನ್ನು ಮಾತ್ರ ತೆರೆದು, ಪುಟ ನೋಡದ ಸಹೋದ್ಯೋಗಿಯೊಬ್ಬರಿಗೆ ಕೇಳಿಸಿ. ಅರ್ಜಿ ಯಾವುದೆಂದು ಅವರು ತೋರಿಸಲಾರದಿದ್ದರೆ, ಆ ಲಿಂಕ್‌ನ ಪದಗಳನ್ನು ಮತ್ತೆ ಬರೆಯಬೇಕು.