ಎರಡು ನಾಣ್ಯ, ಒಂದು ಕರಟ

ಕಾರವಾರದ ಹತ್ತಿರದ ನಮ್ಮ ಶಾಲೆಯಲ್ಲಿ ಒಂಬತ್ತನೇ ತರಗತಿಗೆ ಸಂಭವನೀಯತೆ ಶುರು ಮಾಡಿದಾಗ ಒಂದು ಪ್ರಶ್ನೆ ಕೇಳಿದೆ. ಎರಡು ನಾಣ್ಯ ಒಟ್ಟಿಗೆ ಚಿಮ್ಮಿದರೆ ಒಂದು ಶಿರ, ಒಂದು ಪುಚ್ಛ ಬೀಳುವ ಸಂಭವ ಎಷ್ಟು? ಹೆಚ್ಚಿನವರ ಉತ್ತರ ಒಂದೇ: ಮೂರರಲ್ಲಿ ಒಂದು. ಎರಡೂ ಶಿರ, ಎರಡೂ ಪುಚ್ಛ, ಒಂದೊಂದು. ಮೂರೇ ತಾನೇ ಇರೋದು, ಅಲ್ವಾ?

ತಪ್ಪು ಅಂತ ನಾನು ಹೇಳಲಿಲ್ಲ. ಇಪ್ಪತ್ತು ಮಕ್ಕಳನ್ನು ಹತ್ತು ಜೋಡಿ ಮಾಡಿ, ಜೋಡಿಗೆ ಎರಡು ಒಂದು ರೂಪಾಯಿ ನಾಣ್ಯ, ಒಂದು ತೆಂಗಿನ ಕರಟ, ಒಂದು ಟವೆಲ್ ಕೊಟ್ಟೆ. ಹಿಂದಿನ ವರ್ಷ ಕೈಯಲ್ಲೇ ಚಿಮ್ಮಿಸಿ ಅರ್ಧ ಪೀರಿಯಡ್ ಬೆಂಚಿನ ಕೆಳಗೆ ನಾಣ್ಯ ಹುಡುಕಿದ್ದೇ ಆಗಿತ್ತು. ಈ ಸಲ ಕರಟದಲ್ಲಿ ಹಾಕಿ, ಕೈ ಮುಚ್ಚಿ ಚೆನ್ನಾಗಿ ಕುಲುಕಿ, ಟವೆಲ್ ಮೇಲೆ ಸುರಿಯಬೇಕು. ನಾಣ್ಯ ಓರೆಯಾಗಿ ನಿಂತರೆ ಆ ಸರದಿ ಲೆಕ್ಕಕ್ಕಿಲ್ಲ. ಒಬ್ಬರು ಸುರಿಯೋದು, ಇನ್ನೊಬ್ಬರು ಗೀಟು ಹಾಕೋದು. ಜೋಡಿಗೆ 40 ಸಲ.

ಒಂದು ಜೋಡಿಗೆ ಎರಡೂ ಶಿರ 13, ಒಂದೊಂದು 14, ಎರಡೂ ಪುಚ್ಛ 13 ಬಂತು. "ಅಕ್ಕೋರೇ, ನಾವು ಹೇಳಿದ್ದೇ ಸರಿ ಆಯ್ತು!" ಅಂತ ಕುಣಿದರು. ನನಗೂ ಒಂದು ಕ್ಷಣ ಗಾಬರಿ. ಆದರೆ 40 ಸಲದಲ್ಲಿ 20ರ ಬದಲು 14 ಬರೋದು ದೊಡ್ಡ ವಿಷಯವೇನಲ್ಲ. ಹತ್ತೂ ಜೋಡಿಗಳ ಲೆಕ್ಕ ಬೋರ್ಡಿನ ಮೇಲೆ ಒಂದೊಂದಾಗಿ ಕೂಡಿಸುತ್ತಾ ಹೋದೆವು. ಒಟ್ಟು 400ರಲ್ಲಿ ಎರಡೂ ಶಿರ 94, ಎರಡೂ ಪುಚ್ಛ 97, ಒಂದೊಂದು 209. ಮಕ್ಕಳ ಲೆಕ್ಕದ ಪ್ರಕಾರ 133ರ ಆಸುಪಾಸು ಇರಬೇಕಿತ್ತು. 209 ಎಲ್ಲಿ, 133 ಎಲ್ಲಿ! ತರಗತಿ ಸುಮ್ಮನಾಯಿತು.

ಆಗ ಒಂದು ನಾಣ್ಯ ತೆಗೆದು ಅದರ ಬದಲು ಹಳದಿ ಐದು ರೂಪಾಯಿ ಕೊಟ್ಟೆ. "ಈಗ ಒಂದೊಂದು ಬಿದ್ದರೆ ಯಾವುದು ಶಿರ ಅಂತಲೂ ಬರೀರಿ" ಅಂದೆ. ಹತ್ತು ಸಲ ಸುರಿಯುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿ ಹೇಳಿದಳು, "ಬಿಳಿಯದು ಶಿರ ಹಳದಿಯದು ಪುಚ್ಛ ಒಂದು, ಹಳದಿಯದು ಶಿರ ಬಿಳಿಯದು ಪುಚ್ಛ ಇನ್ನೊಂದು. ನಾವು ಎರಡನ್ನೂ ಒಂದೇ ಮಾಡಿಬಿಟ್ಟಿದ್ವಿ." ಒಟ್ಟು ನಾಲ್ಕು, ಅದರಲ್ಲಿ ಎರಡು. ಸೈದ್ಧಾಂತಿಕ ಸಂಭವನೀಯತೆ 0.5, ನಮ್ಮ ಪ್ರಯೋಗದ್ದು 209/400, ಅಂದರೆ ಸುಮಾರು 0.52.

ಮರುದಿನ ಕೆಂಪು, ಬಿಳಿ ಎರಡು ದಾಳ ತಂದೆ. ಮೊತ್ತ 2ರಿಂದ 12ರವರೆಗೆ ಹನ್ನೊಂದು ಇದೆ, ಆದರೆ ಈ ಸಲ ಯಾರೂ ಹನ್ನೊಂದರಲ್ಲಿ ಒಂದು ಅನ್ನಲಿಲ್ಲ. 36ರಲ್ಲಿ 7 ಆರು ಬಗೆಯಲ್ಲಿ ಬರುತ್ತದೆ, 12 ಒಂದೇ ಬಗೆಯಲ್ಲಿ ಅಂತ ಅವರೇ ಪಟ್ಟಿ ಹಾಕಿದರು.

ಒಬ್ಬ ಮಾತ್ರ ಚೌಕಾಬಾರದ ಕವಡೆ ತಂದಿದ್ದ. "ಇದಕ್ಕೂ ಎರಡೇ ಮುಖ, ಅರ್ಧ ಅಲ್ವಾ?" ಕವಡೆಯ ಬೆನ್ನು ಉಬ್ಬು, ಬಾಯಿ ಚಪ್ಪಟೆ. ಎರಡೂ ಸಮ ಅನ್ನೋಕೆ ಕಾರಣವೇ ಇಲ್ಲ. ಅದಕ್ಕೆ ಕಾಗದದ ಮೇಲೆ ಉತ್ತರ ಸಿಗೋದಿಲ್ಲ, ಹಾಕಿಯೇ ನೋಡಬೇಕು. ಅವನು ಅಲ್ಲೇ ಟವೆಲ್ ಹಾಸಿಕೊಂಡು ಕೂತ.