ಏಳು ತಾಕುಗಳ ರಂಜಕ ಮತ್ತು ಒಂದು ಕ್ಷಮೆಯ ಇಮೇಲ್

ಶಿವಮೊಗ್ಗದ ಒಂದು ಚಿಕ್ಕ ಮಣ್ಣು ಪರೀಕ್ಷಾ ಪ್ರಯೋಗಾಲಯದಲ್ಲಿ ವರದಿಗಳನ್ನು ಸಿದ್ಧಪಡಿಸಿ ಗ್ರಾಹಕರಿಗೆ ಕಳುಹಿಸುವುದು ನನ್ನ ಕೆಲಸ. ನಮ್ಮ ಗ್ರಾಹಕರಲ್ಲಿ ಹೆಚ್ಚಿನವರು ಅಡಿಕೆ ಬೆಳೆಗಾರರು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಮುಂಗಾರಿಗೆ ಮೊದಲು ಮಣ್ಣಿನ ಚೀಲಗಳು ಬರುತ್ತವೆ, ಗೊಬ್ಬರ ಕೊಳ್ಳುವ ಹೊತ್ತಿಗೆ ವರದಿ ಅವರ ಕೈಯಲ್ಲಿರಬೇಕು. ಅಂಥ ಒಂದು ಮೇ ತಿಂಗಳ ಕೊನೆಯಲ್ಲಿ ನಾನು ಕಳುಹಿಸಿದ ವರದಿಯೊಂದರಲ್ಲಿ ತಪ್ಪಿತ್ತು. ಅದನ್ನು ಒಪ್ಪಿಕೊಂಡು ಬರೆದ ಇಮೇಲನ್ನು ನಾನು ಮೂರು ಬಾರಿ ತಿದ್ದಿದೆ. ಯಾವ ಮಾತನ್ನು ಏಕೆ ತೆಗೆದೆ, ಯಾವುದನ್ನು ಏಕೆ ಉಳಿಸಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತಪ್ಪು ಏನೆಂದು ಹೇಳಬೇಕು. ತೀರ್ಥಹಳ್ಳಿ ಕಡೆಯ ಒಂದು ತೋಟದ ಏಳು ತಾಕುಗಳ ಮಣ್ಣನ್ನು ನಾವು ಪರೀಕ್ಷಿಸಿದ್ದೆವು. ಪ್ರಯೋಗಾಲಯದಲ್ಲಿ ಅಳೆದಾಗ ಸಿಗುವುದು ರಂಜಕದ ಧಾತು ರೂಪದ ಪ್ರಮಾಣ. ಗೊಬ್ಬರದ ಶಿಫಾರಸುಗಳು P2O5 ರೂಪದಲ್ಲಿ ಇರುವುದರಿಂದ ಆ ಅಂಕಿಯನ್ನು 2.29ರಿಂದ ಗುಣಿಸಿ ವರದಿಯಲ್ಲಿ ಹಾಕುತ್ತೇವೆ. ಹೊಸ ಎಕ್ಸೆಲ್ ಹಾಳೆಯೊಂದನ್ನು ಮಾಡಿಕೊಳ್ಳುವಾಗ ನಾನು ಕಾಲಂನ ಶೀರ್ಷಿಕೆಯನ್ನು P2O5 ಎಂದೇ ಉಳಿಸಿ, ಅದರ ಕೆಳಗಿನ ಸೂತ್ರವನ್ನು ಬಿಟ್ಟುಬಿಟ್ಟಿದ್ದೆ. ಇರಬೇಕಾಗಿದ್ದ ಸೂತ್ರ ಇಷ್ಟೇ:

```
=D5*2.29
```

ಹೀಗಾಗಿ ಎರಡನೆಯ ತಾಕಿನಲ್ಲಿ ಹೆಕ್ಟೇರಿಗೆ 32 ಕಿಲೋ ಎಂದು ಬರಬೇಕಿದ್ದ ಅಂಕಿ 14 ಎಂದು ಅಚ್ಚಾಯಿತು. ಹೆಕ್ಟೇರಿಗೆ ಸುಮಾರು 23 ಕಿಲೋಗಿಂತ ಕೆಳಗಿದ್ದರೆ ರಂಜಕ 'ಕಡಿಮೆ' ಎಂದು ವರ್ಗೀಕರಿಸುತ್ತೇವೆ. ಆದ್ದರಿಂದ ಏಳೂ ತಾಕುಗಳು 'ಕಡಿಮೆ'ಯ ಸಾಲಿಗೆ ಬಿದ್ದವು. ನಿಜವಾಗಿ 2, 4, 5 ಮತ್ತು 7ನೇ ತಾಕುಗಳು 'ಮಧ್ಯಮ'ದಲ್ಲಿದ್ದವು. ಫಲ ಕೊಡುವ ಅಡಿಕೆ ಮರಕ್ಕೆ ವರ್ಷಕ್ಕೆ 40 ಗ್ರಾಂ P2O5 ಸಾಮಾನ್ಯ ಶಿಫಾರಸು. ಅಂದರೆ ಸುಮಾರು 200 ಗ್ರಾಂ ಶಿಲಾರಂಜಕ. ಮಣ್ಣಿನಲ್ಲಿ ರಂಜಕ ಕಡಿಮೆಯಿದ್ದರೆ ನಾವು ಅದನ್ನು ಕಾಲು ಭಾಗ ಹೆಚ್ಚಿಸಿ 250 ಗ್ರಾಂ ಬರೆಯುತ್ತೇವೆ. ಆ ನಾಲ್ಕು ತಾಕುಗಳಲ್ಲಿ ಎರಡು ಸಾವಿರ ಮರಗಳಿದ್ದವು. ನನ್ನ ತಪ್ಪಿನಿಂದ ತೋಟದವರು ಕೊಳ್ಳಬೇಕಾಗುತ್ತಿದ್ದ ಹೆಚ್ಚುವರಿ ಗೊಬ್ಬರ ನೂರು ಕಿಲೋ, ಐವತ್ತು ಕಿಲೋದ ಎರಡು ಚೀಲ. ದೊಡ್ಡ ಮೊತ್ತವಲ್ಲ. ಆದರೆ ನಮ್ಮ ವರದಿಯನ್ನು ನಂಬಿ ಒಬ್ಬರು ಹಣ ಕೊಟ್ಟು ಬೇಡದ್ದನ್ನು ಮಣ್ಣಿಗೆ ಹಾಕುವುದು ನನಗೆ ಸಣ್ಣ ವಿಷಯವಾಗಿ ತೋರಲಿಲ್ಲ.

ಶುಕ್ರವಾರ ಸಂಜೆ ಕಳುಹಿಸಿದ ವರದಿಯ ತಪ್ಪು ಮಂಗಳವಾರ ಬೆಳಿಗ್ಗೆ, ಇನ್ನೊಬ್ಬರ ವರದಿಯನ್ನು ಅದೇ ಹಾಳೆಯಲ್ಲಿ ತುಂಬಿಸುವಾಗ ಕಣ್ಣಿಗೆ ಬಿತ್ತು. ಏಳಕ್ಕೆ ಏಳೂ ತಾಕುಗಳು ಒಂದೇ ವರ್ಗಕ್ಕೆ ಬಂದಿದ್ದೇ ನನಗೆ ಮೊದಲೇ ಅನುಮಾನ ತರಿಸಬೇಕಿತ್ತು. ಇಳಿಜಾರಿನ ಮೇಲಿನ ತಾಕಿಗೂ ಕೆಳಗಿನ ತಾಕಿಗೂ ರಂಜಕ ಸಾಮಾನ್ಯವಾಗಿ ಒಂದೇ ತೆರನಾಗಿರುವುದಿಲ್ಲ. ಆ ಹಾಳೆಯಿಂದ ಹೊರಗೆ ಹೋಗಿದ್ದ ವರದಿ ಇದೊಂದೇ ಎಂದು ಖಚಿತಪಡಿಸಿಕೊಂಡ ಮೇಲೆ ತೋಟದ ಮಾಲೀಕರಿಗೆ ಫೋನ್ ಮಾಡಿದೆ. ಗೊಬ್ಬರದ ಖರೀದಿ ನಡೆಯುವ ದಿನಗಳಲ್ಲಿ ಇಮೇಲ್ ಓದುವವರೆಗೆ ಕಾಯುವುದು ಸರಿಯಲ್ಲ. "ಸಾರ್, ರಂಜಕದ ಲೆಕ್ಕದಲ್ಲಿ ನನ್ನಿಂದ ತಪ್ಪಾಗಿದೆ, ಶಿಲಾರಂಜಕ ಮಾತ್ರ ಇವತ್ತು ತರಿಸಬೇಡಿ, ಒಂದೆರಡು ಗಂಟೆಯಲ್ಲಿ ಸರಿಪಡಿಸಿದ ವರದಿ ಕಳಿಸುತ್ತೇನೆ" ಎಂದಷ್ಟೇ ಹೇಳಿದೆ. ಅವರು "ಆಯ್ತು, ಕಳಿಸಿ" ಎಂದರು.

ಆಮೇಲೆ ಕುಳಿತು ಬರೆದ ಮೊದಲ ಕರಡು ಬಹಳ ಉದ್ದವಿತ್ತು. ಹೊಸ ಹಾಳೆ ಮಾಡಿಕೊಂಡದ್ದು, ಆ ವಾರ ಮಾದರಿಗಳು ಒಮ್ಮೆಲೇ ಬಂದದ್ದು, ಮಳೆಗೆ ಕರೆಂಟು ಹೋಗಿ ಕೆಲಸ ಸಂಜೆಗೆ ಸರಿದದ್ದು, ಎರಡನೆಯವರು ಪರಿಶೀಲಿಸುವ ಪದ್ಧತಿ ಇದ್ದರೂ ಆ ದಿನ ಅವರು ರಜೆಯಲ್ಲಿದ್ದದ್ದು ಎಲ್ಲವನ್ನೂ ಬರೆದಿದ್ದೆ. ಬರೆದದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಆದರೆ ಓದಿ ನೋಡಿದಾಗ ಹನ್ನೊಂದು ವಾಕ್ಯಗಳಲ್ಲಿ ಆರು ನಮ್ಮ ಬಗ್ಗೆಯೇ ಇದ್ದವು, ತೋಟದವರು ಇನ್ನು ಏನು ಮಾಡಬೇಕು ಎಂಬುದು ಹತ್ತನೆಯ ವಾಕ್ಯದಲ್ಲಿತ್ತು. ಅಷ್ಟು ಓದುವ ಹೊತ್ತಿಗೆ ಅವರಿಗೆ ಅನಿಸುವುದು, ಇವರು ಕ್ಷಮೆ ಕೇಳುತ್ತಿಲ್ಲ, ತಮ್ಮನ್ನು ತಾವು ಸಮರ್ಥಿಸಿಕೊಳ್ಳುತ್ತಿದ್ದಾರೆ ಎಂದೇ.

ಹಾಗೆಂದು ಕಾರಣವನ್ನು ಪೂರ್ತಿ ಬಿಟ್ಟುಬಿಡಲೂ ಆಗುವುದಿಲ್ಲ. ನಮ್ಮ ಪ್ರಯೋಗಾಲಯದ ಹಿರಿಯರು ಎರಡನೆಯ ಕರಡನ್ನು ನೋಡಿ, "ತಪ್ಪಾಯ್ತು, ಸರಿ ಮಾಡಿದ್ದೇವೆ ಅಂದ್ರೆ ಸಾಕು, ಕಾರಣ ಯಾಕೆ?" ಎಂದು ಕೇಳಿದರು. ನಾನು ಒಪ್ಪಲಿಲ್ಲ. ಒಂದು ಅಂಕಿ ತಪ್ಪಿದೆ ಎಂದು ತಿಳಿದ ಕೂಡಲೇ ಗ್ರಾಹಕರಿಗೆ ಬರುವ ಪ್ರಶ್ನೆ, ಉಳಿದ ಅಂಕಿಗಳನ್ನು ನಂಬಬಹುದೇ ಎಂಬುದು. ಮಣ್ಣಿನ ಮಾದರಿಗಳೇ ಅದಲುಬದಲಾಗಿದ್ದರೆ ಇಡೀ ವರದಿ ಕೆಟ್ಟಿತು. ಒಂದು ಕಾಲಂನ ಗುಣಾಕಾರ ಮಾತ್ರ ಬಿಟ್ಟುಹೋಗಿದ್ದರೆ ಕೆಟ್ಟದ್ದು ಆ ಕಾಲಂ ಒಂದೇ. ಆದ್ದರಿಂದ ತಪ್ಪು ಎಲ್ಲಿಂದ ಎಲ್ಲಿಯವರೆಗೆ ಇದೆ ಎಂದು ತೋರಿಸುವಷ್ಟು ಕಾರಣವನ್ನು ಒಂದೇ ವಾಕ್ಯದಲ್ಲಿ ಹೇಳಲು ನಿರ್ಧರಿಸಿದೆ. ಕರೆಂಟು ಹೋದದ್ದಾಗಲಿ, ರಜೆಯಾಗಲಿ ಆ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ, ಅವನ್ನೆಲ್ಲ ತೆಗೆದೆ.

ಮೂರನೆಯ ಬಾರಿ ತಿದ್ದುವಾಗ ನನ್ನನ್ನು ಹೆಚ್ಚು ತಡೆದು ನಿಲ್ಲಿಸಿದ್ದು ಕ್ರಿಯಾಪದಗಳು. ಕನ್ನಡದಲ್ಲಿ 'ಆಗು' ಎಂಬ ಧಾತು ತಪ್ಪು ಮಾಡಿದವರನ್ನು ವಾಕ್ಯದಿಂದ ಬಹಳ ಸುಲಭವಾಗಿ ಮರೆಮಾಡುತ್ತದೆ. 'ವರದಿಯಲ್ಲಿ ಕಣ್ತಪ್ಪಿನಿಂದ ದೋಷ ನುಸುಳಿದೆ', 'ಅಂಕಿಗಳು ತಪ್ಪಾಗಿ ನಮೂದಾಗಿವೆ' ಎಂದು ನಾನೇ ಬರೆದಿದ್ದೆ. ಅಂಕಿಗಳು ತಾವಾಗಿಯೇ ನಮೂದಾಗುವುದಿಲ್ಲ. ಫೋನಿನಲ್ಲಿ 'ನನ್ನಿಂದ ತಪ್ಪಾಗಿದೆ' ಎಂದರೆ ಅದರಲ್ಲಿ 'ನನ್ನಿಂದ' ಇದೆ, ದನಿಯೂ ಇದೆ. ಕಾಗದದ ಮೇಲೆ 'ನಾನು ತಪ್ಪಾಗಿ ಕೊಟ್ಟಿದ್ದೇನೆ' ಎಂದು ಕರ್ತೃವನ್ನು ಮುಂದಿಟ್ಟು ಬರೆಯುವುದೇ ಸರಿ ಎನಿಸಿತು. ಹಾಗೆಯೇ 'ತಮಗೆ ಏನಾದರೂ ಅನಾನುಕೂಲವಾಗಿದ್ದಲ್ಲಿ ವಿಷಾದಿಸುತ್ತೇವೆ' ಎಂಬ ವಾಕ್ಯವನ್ನೂ ಹೊಡೆದುಹಾಕಿದೆ. ಅನಾನುಕೂಲ ಆಗಿಯೇ ಇದೆ, ಅವರು ಖರೀದಿಯನ್ನು ನಿಲ್ಲಿಸಿ ಕುಳಿತಿದ್ದಾರೆ. ಅಲ್ಲಿ 'ಆಗಿದ್ದಲ್ಲಿ' ಎನ್ನುವುದು ಅದನ್ನು ಅನುಮಾನಿಸಿದಂತೆ. 'ವಿಷಾದ' ಎಂಬುದು ಬಸ್ಸು ತಡವಾದಾಗ ಹಾಕುವ ಫಲಕದ ಮಾತು. 'ಕ್ಷಮೆ ಕೋರುತ್ತೇನೆ' ಎಂದು ಒಮ್ಮೆ ಬರೆದು, ಮತ್ತೆ ಆ ಮಾತನ್ನು ಎತ್ತಲಿಲ್ಲ. ಕರಡಿನಲ್ಲಿ ಅದು ಆರಂಭದಲ್ಲೂ ನಡುವೆಯೂ ಕೊನೆಯಲ್ಲೂ ಇತ್ತು. ಮೂರು ಸಲ ಕೇಳಿದರೆ ಓದುವವರೇ ನಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ.

ಕೊನೆಗೆ ಕಳುಹಿಸಿದ್ದು ಇದು:

> ವಿಷಯ: ತಿದ್ದುಪಡಿ – ಮಣ್ಣು ಪರೀಕ್ಷಾ ವರದಿಯ ರಂಜಕದ ಅಂಕಿಗಳಲ್ಲಿ ತಪ್ಪಿದೆ, ಶುಕ್ರವಾರದ ವರದಿಯನ್ನು ಬಳಸಬೇಡಿ
>
> ಮಾನ್ಯರೇ,
>
> ಕಳೆದ ಶುಕ್ರವಾರ ತಮಗೆ ಕಳುಹಿಸಿದ ವರದಿಯಲ್ಲಿ ಏಳೂ ತಾಕುಗಳ ರಂಜಕದ ಅಂಕಿಗಳನ್ನು ನಾನು ತಪ್ಪಾಗಿ ಕೊಟ್ಟಿದ್ದೇನೆ. ಇದಕ್ಕಾಗಿ ತಮ್ಮ ಕ್ಷಮೆ ಕೋರುತ್ತೇನೆ.
>
> ಅಳತೆಯಲ್ಲಿ ಬಂದ ಅಂಕಿಯನ್ನು P2O5 ರೂಪಕ್ಕೆ ಪರಿವರ್ತಿಸದೆ ಹಾಗೆಯೇ ನಮೂದಿಸಿದ್ದರಿಂದ, ರಂಜಕ ಇರುವುದಕ್ಕಿಂತ ಅರ್ಧಕ್ಕೂ ಕಡಿಮೆಯಾಗಿ ಕಾಣುತ್ತಿದೆ. 2, 4, 5 ಮತ್ತು 7ನೇ ತಾಕುಗಳು 'ಕಡಿಮೆ' ವರ್ಗದವಲ್ಲ, 'ಮಧ್ಯಮ' ವರ್ಗದವು. ಈ ನಾಲ್ಕು ತಾಕುಗಳಲ್ಲಿ ಮರವೊಂದಕ್ಕೆ ವರ್ಷಕ್ಕೆ 250 ಗ್ರಾಂ ಬದಲು 200 ಗ್ರಾಂ ಶಿಲಾರಂಜಕ ಸಾಕು. 1, 3 ಮತ್ತು 6ನೇ ತಾಕುಗಳ ಅಂಕಿ ಬದಲಾದರೂ ಶಿಫಾರಸು ಬದಲಾಗುವುದಿಲ್ಲ. ಉಳಿದ ಅಂಕಿಗಳು ಸರಿಯಾಗಿವೆ.
>
> ಪರಿಷ್ಕೃತ ವರದಿಯನ್ನು ಲಗತ್ತಿಸಿದ್ದೇನೆ. ಬದಲಾದ ಅಂಕಿಗಳ ಪಕ್ಕದಲ್ಲಿ ಹಳೆಯ ಅಂಕಿಯನ್ನೂ ತೋರಿಸಿದೆ. ಶಿಲಾರಂಜಕವನ್ನು ಈಗಾಗಲೇ ಹೆಚ್ಚು ಕೊಂಡಿದ್ದರೆ ತಿಳಿಸಿ. ಅಂಗಡಿಯವರು ಹಿಂದಕ್ಕೆ ಪಡೆಯದಿದ್ದಲ್ಲಿ ಅದರ ಬೆಲೆಯನ್ನು ನಾವು ಭರಿಸುತ್ತೇವೆ.

ಕೆಳಗೆ ನನ್ನ ಹೆಸರು ಮತ್ತು ನೇರ ಫೋನ್ ಸಂಖ್ಯೆ ಹಾಕಿದೆ. ಕೊನೆಯ ವಾಕ್ಯವನ್ನು ಬರೆಯುವ ಮೊದಲು ಹಿರಿಯರ ಒಪ್ಪಿಗೆ ಪಡೆದಿದ್ದೆ, ಏಕೆಂದರೆ ಎರಡು ಚೀಲದ ಬೆಲೆಯಾದರೂ ಅದು ನನ್ನೊಬ್ಬನ ಮಾತಲ್ಲ. 'ಇನ್ನು ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇವೆ' ಎಂಬ ವಾಕ್ಯ ಇಲ್ಲದಿರುವುದನ್ನು ಓದುವವರು ಗಮನಿಸಬಹುದು. ಆ ಹೊತ್ತಿಗೆ ನಾವು ಇನ್ನೂ ಏನನ್ನೂ ಬದಲಾಯಿಸಿರಲಿಲ್ಲ. ಮಾಡದಿರುವುದನ್ನು ಭರವಸೆಯಾಗಿ ಬರೆಯಲು ನನಗೆ ಮನಸ್ಸು ಬರಲಿಲ್ಲ.

ಕಡತದ ವಿಷಯದಲ್ಲೂ ಎಚ್ಚರ ಬೇಕಿತ್ತು. ಹಳೆಯ ಕಡತದ ಹೆಸರಿನಲ್ಲೇ ಹೊಸದನ್ನು ಕಳುಹಿಸಿದರೆ ಅವರ ಫೋನಿನಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ. ಅದಕ್ಕಾಗಿ `Mannu_Varadi.pdf` ಎಂದಿದ್ದುದನ್ನು `Mannu_Varadi_Tiddupadi1.pdf` ಎಂದು ಮಾಡಿ, ಪ್ರತಿ ಪುಟದ ತಲೆಯಲ್ಲಿ 'ಪರಿಷ್ಕೃತ' ಎಂದೂ ದಿನಾಂಕವನ್ನೂ ಅಚ್ಚು ಹಾಕಿದೆ. ಇಮೇಲಿನ ಪ್ರತಿಯನ್ನು ತೋಟದ ರೈಟರ್ ಅವರಿಗೂ ಕಳುಹಿಸಿದೆ. ಮಾಲೀಕರು ಬೆಂಗಳೂರಿನಲ್ಲಿರುತ್ತಾರೆ, ವರದಿಯನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿಕೊಂಡು ಆಳುಗಳಿಗೆ ಗೊಬ್ಬರ ಅಳೆದುಕೊಡುವವರು ರೈಟರ್. ಅವರ ಗೋಡೆಯ ಮೇಲಿನ ಹಳೆಯ ಹಾಳೆ ಹೋಗದಿದ್ದರೆ ನನ್ನ ಕ್ಷಮೆ ಮಾಲೀಕರ ಇನ್‌ಬಾಕ್ಸಿನಲ್ಲೇ ಉಳಿಯುತ್ತಿತ್ತು.

ಅಷ್ಟೆಲ್ಲ ತಿದ್ದಿದರೂ ಒಂದು ಕೊರತೆ ಉಳಿದಿತ್ತು. ಮಧ್ಯಾಹ್ನ ಮಾಲೀಕರ ಉತ್ತರ ಬಂತು. ತಿಳಿಸಿದ್ದಕ್ಕೆ ಧನ್ಯವಾದ, ಶಿಲಾರಂಜಕ ಇನ್ನೂ ಕೊಂಡಿಲ್ಲ ಎಂದು ಬರೆದು, ಒಂದು ಪ್ರಶ್ನೆ ಕೇಳಿದ್ದರು: "ಪೊಟ್ಯಾಷ್ ಕಾಲಂ ಕೂಡ K2O ಎಂದಿದೆಯಲ್ಲ, ಅಲ್ಲಿಯೂ ಪರಿವರ್ತನೆ ಬಿಟ್ಟುಹೋಗಿಲ್ಲವೇ?" ಸರಿಯಾದ ಪ್ರಶ್ನೆ. 'ಉಳಿದ ಅಂಕಿಗಳು ಸರಿಯಾಗಿವೆ' ಎಂದು ಬರೆಯುವ ಮೊದಲು ನಾನು ಪೊಟ್ಯಾಷ್ ಕಾಲಂ ನೋಡಿದ್ದೆ, ಅಲ್ಲಿ 1.2ರ ಗುಣಾಕಾರ ಇತ್ತು. ಆದರೆ ನೋಡಿದ್ದೇನೆ ಎಂದು ಇಮೇಲಿನಲ್ಲಿ ಹೇಳಿರಲಿಲ್ಲ. ಒಮ್ಮೆ ತಪ್ಪಿದವರು 'ಸರಿಯಾಗಿವೆ' ಎಂದು ಬರೆದರೆ ಅದು ಬರೀ ಮಾತು. ಯಾವುದನ್ನು ಹೇಗೆ ಪರಿಶೀಲಿಸಿದೆ ಎಂಬ ಅರ್ಧ ವಾಕ್ಯ ಅಲ್ಲಿರಬೇಕಿತ್ತು.

ಅವರಿಗೆ ಎರಡು ಸಾಲು ಬರೆದೆ: "ಪೊಟ್ಯಾಷ್ ಅಂಕಿಗಳನ್ನು ಇಂದು ಬೆಳಿಗ್ಗೆ ಮೂಲ ಅಳತೆಯ ಪುಸ್ತಕದೊಂದಿಗೆ ಏಳೂ ತಾಕುಗಳಿಗೆ ಹೋಲಿಸಿ ನೋಡಿದ್ದೇನೆ, ಪರಿವರ್ತನೆ ಸರಿಯಾಗಿದೆ. ಆ ಪುಟದ ಫೋಟೋ ಲಗತ್ತಿಸಿದ್ದೇನೆ." ಸಂಜೆ ರೈಟರ್ ಫೋನ್ ಮಾಡಿ, ಗೋಡೆಯ ಹಾಳೆ ಬದಲಾಯಿಸಿದ್ದೇನೆ, ನಾಲ್ಕು ತಾಕಿಗೆ ಇನ್ನೂರು, ಮೂರಕ್ಕೆ ಇನ್ನೂರೈವತ್ತು ತಾನೇ ಎಂದು ಕೇಳಿ ಖಚಿತಪಡಿಸಿಕೊಂಡರು.